ಎರಡು ತಟ್ಟೆ, ಎರಡು ತೂಕ: ಸರಾಸರಿಯೋ, ವರ್ಗಮೂಲವೋ?

ಪ್ರಶ್ನೆ: ಒಂದೇ ವಸ್ತುವನ್ನು ಎಡತಟ್ಟೆಯಲ್ಲಿಟ್ಟಾಗ 120 ಗ್ರಾಂ, ಬಲತಟ್ಟೆಯಲ್ಲಿಟ್ಟಾಗ 80 ಗ್ರಾಂ ತೂಗಿತು. ಸರಾಸರಿ ತೆಗೆದು 100 ಗ್ರಾಂ ಎಂದು ನಾನು ಹೇಳುತ್ತೇನೆ. ಎರಡನ್ನೂ ಗುಣಿಸಿ ವರ್ಗಮೂಲ ತೆಗೆದು 98 ಗ್ರಾಂ ಎಂದು ಗೆಳೆಯ ಹೇಳುತ್ತಾನೆ. ಯಾರು ಸರಿ?

ಉತ್ತರ: ನೀವು ಕೊಟ್ಟಿರುವ ಎರಡು ಅಂಕಿಗಳಿಂದಲೇ ಇದನ್ನು ತೀರ್ಮಾನಿಸಲು ಸಾಧ್ಯವಿಲ್ಲ. ತಟ್ಟೆಗಳು ಖಾಲಿಯಿದ್ದಾಗ ದಂಡ ಹೇಗೆ ನಿಂತಿತ್ತು ಎಂಬುದನ್ನು ನೀವು ತಿಳಿಸಿಲ್ಲ. ಈ ಪ್ರಶ್ನೆ ಕೇಳುವವರು ಸಾಮಾನ್ಯವಾಗಿ ಯಾರೂ ತಿಳಿಸುವುದಿಲ್ಲ, ಏಕೆಂದರೆ ಪ್ರವೇಶ ಪರೀಕ್ಷೆಗಳಿಗಾಗಿ ಹಂಚುವ ಸೂತ್ರಪಟ್ಟಿಗಳಲ್ಲಿ ವರ್ಗಮೂಲ ಮಾತ್ರ ಇರುತ್ತದೆ, ಅದು ಯಾವ ಷರತ್ತಿಗೆ ಒಳಪಟ್ಟಿದೆ ಎಂಬುದು ಇರುವುದಿಲ್ಲ. ಷರತ್ತನ್ನು ಬಿಟ್ಟು ಸೂತ್ರವನ್ನು ಬಾಯಿಪಾಠ ಮಾಡಿಸುವವರ ಮೇಲೆ ನನಗೆ ಸಿಟ್ಟಿದೆ, ಅದನ್ನು ಮುಚ್ಚಿಡುವುದಿಲ್ಲ.

ದಂಡದ ಆಧಾರಬಿಂದುವಿನಿಂದ ಎಡತಟ್ಟೆ ತೂಗುವ ಬಿಂದುವಿನವರೆಗಿನ ದೂರ a, ಬಲತಟ್ಟೆಯವರೆಗಿನ ದೂರ b, ವಸ್ತುವಿನ ನಿಜವಾದ ದ್ರವ್ಯರಾಶಿ m ಎಂದಿರಲಿ. ದಂಡ ಸಮತಲದಲ್ಲಿ ನಿಂತಾಗ ಎರಡು ಕಡೆಯ ಟಾರ್ಕ್, ಅಂದರೆ ಭಾರವನ್ನು ದೂರದಿಂದ ಗುಣಿಸಿದಾಗ ಸಿಗುವ ತಿರುಗಿಸುವ ಪರಿಣಾಮ, ಸಮವಾಗಿರುತ್ತದೆ, ಗುರುತ್ವ ಎರಡೂ ಕಡೆ ಇರುವುದರಿಂದ ಹೊಡೆದುಹೋಗುತ್ತದೆ. ವಸ್ತು ಎಡಗಡೆ ಇದ್ದಾಗ m × a = 120 × b; ವಸ್ತು ಬಲಗಡೆ ಇದ್ದಾಗ 80 × a = m × b. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿದರೆ a ಮತ್ತು b ಎರಡೂ ಮಾಯವಾಗಿ m² = 120 × 80, ಅಂದರೆ m = 97.98 ಗ್ರಾಂ ಬರುತ್ತದೆ. ನಿಮ್ಮ ಗೆಳೆಯನ ಉತ್ತರ ಇದೇ. ಆದರೆ ಈ ಸಮೀಕರಣಗಳನ್ನು ಬರೆಯುವಾಗ ದಂಡದ ಮತ್ತು ಖಾಲಿ ತಟ್ಟೆಗಳ ಟಾರ್ಕ್ ಒಂದನ್ನೊಂದು ಸರಿದೂಗಿಸುತ್ತವೆ ಎಂದು ಸದ್ದಿಲ್ಲದೆ ಒಪ್ಪಿಕೊಂಡಿದ್ದೇವೆ. ಖಾಲಿ ತಕ್ಕಡಿ ಸಮವಾಗಿ ನಿಲ್ಲುತ್ತಿದ್ದರೆ ಮಾತ್ರ ಈ ಒಪ್ಪಿಗೆ ನಡೆಯುತ್ತದೆ.

ಈಗ ತೋಳುಗಳು, ಅಂದರೆ a ಮತ್ತು b ದೂರಗಳು, ಸಮವಾಗಿಯೇ ಇದ್ದು, ಎಡತಟ್ಟೆ ಬಲತಟ್ಟೆಗಿಂತ 20 ಗ್ರಾಂ ಭಾರವಾಗಿದೆ ಎಂದುಕೊಳ್ಳಿ. 100 ಗ್ರಾಂ ವಸ್ತುವನ್ನು ಎಡಗಡೆ ಇಟ್ಟರೆ ಬಲಗಡೆ 120 ಗ್ರಾಂ ಬೇಕಾಗುತ್ತದೆ, ಬಲಗಡೆ ಇಟ್ಟರೆ ಎಡಗಡೆ 80 ಗ್ರಾಂ ಸಾಕಾಗುತ್ತದೆ. ಅವೇ ಎರಡು ಅಂಕಿಗಳು, ಆದರೆ ಇಲ್ಲಿ ಸರಿಯಾದದ್ದು ನಿಮ್ಮ ಸರಾಸರಿ.

ಮೂರನೆಯ ಸಾಧ್ಯತೆಯೂ ಇದೆ: ಎರಡು ದೋಷಗಳೂ ಒಟ್ಟಿಗೆ ಇರಬಹುದು. ಖಾಲಿ ತಕ್ಕಡಿಯನ್ನು ಸಮ ಮಾಡಲು ಬಲತಟ್ಟೆಗೆ 10 ಗ್ರಾಂ ಹಾಕಬೇಕಾಯಿತು ಎನ್ನೋಣ. ತೋಳುಗಳ ಅನುಪಾತ a/b ಯನ್ನು r ಎಂದು ಕರೆದರೆ, ಮೊದಲ ತೂಕಕ್ಕೆ m × r + 10 = 120, ಎರಡನೆಯದಕ್ಕೆ 80 × r + 10 = m. ಇವುಗಳಿಂದ r ಅನ್ನು ತೆಗೆದರೆ m × (m − 10) = 80 × 110 = 8800 ಎಂಬ ವರ್ಗಸಮೀಕರಣ ಉಳಿಯುತ್ತದೆ, ಅದರ ಉತ್ತರ 98.94 ಗ್ರಾಂ. ಆಗ ನೀವೂ ತಪ್ಪು, ನಿಮ್ಮ ಗೆಳೆಯನೂ ತಪ್ಪು.

ಹಾಗಾದರೆ ಮಾಡಬೇಕಾದದ್ದೇನು? ವರ್ಗಸಮೀಕರಣ ಬಿಡಿಸುತ್ತ ಕೂರಬೇಕಾಗಿಲ್ಲ. ತೂಗಲು ಶುರುಮಾಡುವ ಮೊದಲು ಖಾಲಿ ತಕ್ಕಡಿಯನ್ನು ನೋಡಿ. ದಂಡದ ತುದಿಯಲ್ಲಿ ಸರಿಹೊಂದಿಸುವ ತಿರುಪು ಇದ್ದರೆ ಅದನ್ನು ತಿರುಗಿಸಿ, ಇಲ್ಲದಿದ್ದರೆ ಹಗುರವಾದ ಕಡೆಗೆ ಸ್ವಲ್ಪ ಸ್ವಲ್ಪವೇ ಒಣ ಮರಳು ಹಾಕಿ, ಮುಳ್ಳು ನಡುಗೆರೆಗೆ ಬರುವಂತೆ ಮಾಡಿ. ಆ ಮರಳು ಕೊನೆಯವರೆಗೂ ಅದೇ ತಟ್ಟೆಯಲ್ಲಿರಬೇಕು. ನಂತರ ಅದಲುಬದಲು ಮಾಡಬೇಕಾದದ್ದು ವಸ್ತುವನ್ನು ಮತ್ತು ತೂಕದ ಬಟ್ಟುಗಳನ್ನು ಮಾತ್ರ. ಸರಪಳಿಯ ಸಮೇತ ತಟ್ಟೆಗಳನ್ನೇ ಬದಲಿಸುವ ವಿದ್ಯಾರ್ಥಿಗಳನ್ನು ಪ್ರಯೋಗಶಾಲೆಯಲ್ಲಿ ನಾನು ಕಾಣುತ್ತಲೇ ಬಂದಿದ್ದೇನೆ; ತಟ್ಟೆ ಬದಲಾದರೆ ಮೊದಲು ಮಾಡಿಕೊಂಡ ಸಮತೋಲನವೇ ಕೆಡುತ್ತದೆ, ಎರಡು ತೂಕಗಳ ನಡುವಿನ ಸಂಬಂಧ ಕಡಿದುಹೋಗುತ್ತದೆ.

ಖಾಲಿ ತಕ್ಕಡಿಯನ್ನು ನೋಡದೆಯೇ ತೂಗಿಬಿಟ್ಟಿದ್ದೀರಿ, ಈಗ ತಿರುಪು ಯಾರೋ ತಿರುಗಿಸಿದ್ದಾರೆ, ಹಳೆಯ ಟಿಪ್ಪಣಿ ಮಾತ್ರ ಕೈಯಲ್ಲಿದೆ ಎಂದಾದರೆ, ಬೇರೊಂದು ಹೊರೆಯನ್ನು ಅದೇ ಹೊತ್ತಿನಲ್ಲಿ ತೂಗಿದ ಅಂಕಿಗಳಿವೆಯೇ ಎಂದು ಹುಡುಕಿ. ತಟ್ಟೆಯ ದೋಷ ಹೊರೆ ಎಷ್ಟೇ ಇದ್ದರೂ ಅಷ್ಟೇ ಇರುತ್ತದೆ, ತೋಳಿನ ದೋಷ ಹೊರೆಯ ಜೊತೆ ಬೆಳೆಯುತ್ತದೆ. ನಿಮ್ಮ ವಸ್ತುವಿನಂಥವೇ ಎರಡನ್ನು ಒಟ್ಟಿಗೆ ತೂಗಿದ್ದರೆ, ದೋಷ ತೋಳಿನಲ್ಲಿದ್ದಾಗ 240 ಮತ್ತು 160 ಬರುತ್ತಿತ್ತು, ವ್ಯತ್ಯಾಸ 40ರಿಂದ 80ಕ್ಕೆ ಏರುತ್ತಿತ್ತು. ದೋಷ ತಟ್ಟೆಯಲ್ಲಿದ್ದಾಗ 220 ಮತ್ತು 180 ಬಂದು ವ್ಯತ್ಯಾಸ 40ರಲ್ಲೇ ನಿಲ್ಲುತ್ತಿತ್ತು.

ಇನ್ನೊಂದು ಮಾತು. ನಿಮ್ಮ ಅಂಕಿಗಳು ತೋಳಿನ ದೋಷದಿಂದಲೇ ಬಂದಿದ್ದರೆ a/b ಎಂಬುದು 120/80 ರ ವರ್ಗಮೂಲ, ಅಂದರೆ ಸುಮಾರು 1.22. ಒಂದು ತೋಳು 20 ಸೆಂಟಿಮೀಟರ್ ಇದ್ದರೆ ಇನ್ನೊಂದು 24.5 ಸೆಂಟಿಮೀಟರ್ ಇರಬೇಕು. ಅಷ್ಟು ವ್ಯತ್ಯಾಸ ಬರಿಗಣ್ಣಿಗೇ ಕಾಣುತ್ತದೆ. ಅಳತೆಪಟ್ಟಿ ಹಿಡಿದು ನೋಡುವ ಬದಲು ನನಗೆ ಪತ್ರ ಬರೆದದ್ದು ಏಕೆ ಎಂದು ಕೇಳಬೇಕೆನಿಸುತ್ತದೆ.

ಪ್ರಯೋಗಶಾಲೆಯ ಒಳ್ಳೆಯ ತಕ್ಕಡಿಯಲ್ಲಿ ಈ ಜಗಳವೇ ಹುಟ್ಟುವುದಿಲ್ಲ. ಅಲ್ಲಿ ಎರಡು ತೂಕಗಳು 50.012 ಮತ್ತು 49.996 ಗ್ರಾಂ ಎಂಬಂತೆ ಬರುತ್ತವೆ. ವ್ಯತ್ಯಾಸದ ವರ್ಗವನ್ನು ವಸ್ತುವಿನ ತೂಕದ ಎಂಟು ಪಟ್ಟಿನಿಂದ ಭಾಗಿಸಿದರೆ ಸರಾಸರಿಗೂ ವರ್ಗಮೂಲಕ್ಕೂ ಇರುವ ಅಂತರ ಸಿಗುತ್ತದೆ. ಇಲ್ಲಿ ಅದು ಒಂದು ಮಿಲಿಗ್ರಾಂನ ಸಾವಿರದಲ್ಲೊಂದು ಪಾಲಿಗಿಂತಲೂ ಕಡಿಮೆ. ಆದ್ದರಿಂದ ಎರಡನ್ನೂ ಕೂಡಿಸಿ ಅರ್ಧ ಮಾಡಿದರೆ ಸಾಕು, ತಟ್ಟೆಯ ಸಣ್ಣ ದೋಷವೂ ಆ ಸರಾಸರಿಯಲ್ಲೇ ಕಳೆದುಹೋಗುತ್ತದೆ. ಗೌಸ್‌ ಹೆಸರಿನಲ್ಲಿ ಪ್ರಸಿದ್ಧವಾದ ಈ ಅದಲುಬದಲು ವಿಧಾನಕ್ಕೆ ನಿಖರ ತೂಕದ ಕೆಲಸದಲ್ಲಿ ಬೆಲೆ ಬಂದದ್ದು ಇಂಥ ಸೂಕ್ಷ್ಮ ದೋಷಗಳನ್ನು ತೆಗೆಯಲು. ಒಂದು ತೋಳು ಇನ್ನೊಂದಕ್ಕಿಂತ ನಾಲ್ಕೂವರೆ ಸೆಂಟಿಮೀಟರ್ ಉದ್ದವಾಗಿರುವ ತಕ್ಕಡಿಯನ್ನು ಉಳಿಸಿಕೊಳ್ಳಲು ಅಲ್ಲ.

ಇಲ್ಲಿ ನನ್ನ ಎಚ್ಚರಿಕೆ ಬೇರೆ. ಎರಡು ತೂಕಗಳ ನಡುವೆ a/b ಬದಲಾಗಬಾರದು, ಇಡೀ ವಿಧಾನ ನಿಂತಿರುವುದೇ ಅದರ ಮೇಲೆ. ಹಿತ್ತಾಳೆಯ ದಂಡದ ಒಂದು ತೋಳು ಇನ್ನೊಂದಕ್ಕಿಂತ ಒಂದೇ ಡಿಗ್ರಿ ಸೆಲ್ಸಿಯಸ್ ಬಿಸಿಯಾದರೆ ಅದು ಹತ್ತು ಲಕ್ಷದಲ್ಲಿ ಸುಮಾರು 19 ಪಾಲಿನಷ್ಟು ಹಿಗ್ಗುತ್ತದೆ, 100 ಗ್ರಾಂ ಹೊರೆಯಲ್ಲಿ ಇದು ಸುಮಾರು 1.9 ಮಿಲಿಗ್ರಾಂ ತಪ್ಪು. ಗಾಜಿನ ಪೆಟ್ಟಿಗೆಯೊಳಗೆ ಕೈಹಾಕಿ ಬಟ್ಟು ಬದಲಿಸುವವರು, ಒಂದು ಬದಿಗೆ ಬಿಸಿಲು ಬೀಳುವ ಕಿಟಕಿಯ ಪಕ್ಕದಲ್ಲಿ ತಕ್ಕಡಿ ಇಡುವವರು ಮಿಲಿಗ್ರಾಂ ಲೆಕ್ಕ ಬರೆಯುವುದನ್ನು ನಾನು ನಂಬುವುದಿಲ್ಲ. ಚಿಮಟ ಬಳಸಿ, ಬದಲಿಸುವಾಗ ದಂಡವನ್ನು ಎತ್ತಿ ನಿಲ್ಲಿಸಿ, ಬಾಗಿಲು ಮುಚ್ಚಿ ಸ್ವಲ್ಪ ಹೊತ್ತು ಕಾಯಿರಿ. ಎರಡನೆಯ ತೂಕದ ನಂತರ ವಸ್ತುವನ್ನು ಮತ್ತೆ ಮೊದಲಿನ ತಟ್ಟೆಗೆ ತಂದು ತೂಗಿ. ಮೊದಲು ಬಂದ ಅಂಕಿಯೇ ಮರಳಿ ಬಂದರೆ ನಡುವೆ ಏನೂ ಜರುಗಿಲ್ಲ. ಬಾರದಿದ್ದರೆ ಇಡೀ ಸರಣಿಯನ್ನು ಹೊಡೆದುಹಾಕಿ.

ಪ್ರಶ್ನೆ: ಖಾಲಿ ತಕ್ಕಡಿಯ ಮುಳ್ಳು ಸರಿಯಾಗಿ ನಡುವೆ ನಿಂತರೆ ತಕ್ಕಡಿ ಪ್ರಾಮಾಣಿಕ ಎಂದು ನಮ್ಮ ಸಂತೆಯಲ್ಲಿ ಎಲ್ಲರೂ ಹೇಳುತ್ತಾರೆ. ನಿಜವೇ?

ಉತ್ತರ: ಸುಳ್ಳು, ಮೋಸಗಾರನಿಗೆ ಬೇಕಾದ ಸುಳ್ಳು. ಗಿಡ್ಡ ತೋಳಿನ ತಟ್ಟೆಯನ್ನು ಭಾರ ಮಾಡಿದರೆ ಖಾಲಿ ತಕ್ಕಡಿ ಸಮವಾಗಿಯೇ ನಿಲ್ಲುತ್ತದೆ. ಸಾಮಾನನ್ನೂ ಬಟ್ಟನ್ನೂ ಅದಲುಬದಲು ಮಾಡಿಸಿ ನೋಡಿ. ಪ್ರಾಮಾಣಿಕ ತಕ್ಕಡಿ ಆಗಲೂ ಸಮವಾಗಿ ನಿಲ್ಲುತ್ತದೆ.

ಪ್ರಶ್ನೆ: ತೋಳು ಸಮವಿಲ್ಲದ ತಕ್ಕಡಿಯಲ್ಲಿ ಎರಡು ಕಿಲೋ ಕೇಳಿದವರಿಗೆ ಒಂದು ಕಿಲೋವನ್ನು ಎಡತಟ್ಟೆಯಲ್ಲಿ, ಇನ್ನೊಂದನ್ನು ಬಲತಟ್ಟೆಯಲ್ಲಿ ತೂಗಿ ಕೊಟ್ಟರೆ ಲೆಕ್ಕ ಸರಿಹೋಗುತ್ತದೆಯಲ್ಲವೇ?

ಉತ್ತರ: ಸರಿಹೋಗುವುದಿಲ್ಲ, ಅಂಗಡಿಯವರಿಗೇ ನಷ್ಟ. ತೋಳುಗಳು 22 ಮತ್ತು 20 ಸೆಂಟಿಮೀಟರ್ ಇದ್ದರೆ ಒಮ್ಮೆ 909 ಗ್ರಾಂ, ಇನ್ನೊಮ್ಮೆ 1100 ಗ್ರಾಂ ಹೋಗುತ್ತದೆ, ಒಟ್ಟು 2009 ಗ್ರಾಂ. ಒಂದು ಅನುಪಾತ ಮತ್ತು ಅದರ ವಿಲೋಮದ ಮೊತ್ತ ಎರಡಕ್ಕಿಂತ ಎಂದೂ ಕಡಿಮೆಯಾಗದು, ಆದ್ದರಿಂದ ಯಾವ ತೋಳು ಉದ್ದವಾಗಿದ್ದರೂ ಹೆಚ್ಚುವರಿ ಸಾಮಾನು ಕೊಳ್ಳುವವರಿಗೇ ಹೋಗುತ್ತದೆ.

ಪ್ರಶ್ನೆ: ಎಲೆಕ್ಟ್ರಾನಿಕ್ ತೂಕದ ಯಂತ್ರವನ್ನು ತಿರುಗಿಸಿಟ್ಟು ಎರಡು ಬಾರಿ ತೂಗಬಹುದೇ?

ಉತ್ತರ: ತೂಗಬಹುದು, ಏನೂ ಸಿಗುವುದಿಲ್ಲ.

ಪ್ರಶ್ನೆ: ತಕ್ಕಡಿ ರಿಪೇರಿಯವರು ಮುಳ್ಳನ್ನು ಸ್ವಲ್ಪ ಬಗ್ಗಿಸಿ, ತಟ್ಟೆಯ ಅಡಿಗೆ ಸೀಸ ಅಂಟಿಸಿ ಸರಿಮಾಡಿಕೊಟ್ಟಿದ್ದಾರೆ. ಸಾಕೇ?

ಉತ್ತರ: ಅವರು ದೋಷವನ್ನು ತೆಗೆದಿಲ್ಲ, ಕಾಣದಂತೆ ಮಾಡಿದ್ದಾರೆ. ಮುಳ್ಳು ಬಗ್ಗಿಸಿದರೆ ತೋಳು ಸಮವಾಗುವುದಿಲ್ಲ. ಕಾನೂನು ಮಾಪನಶಾಸ್ತ್ರ ಕಾಯ್ದೆ, 2009ರ ಪ್ರಕಾರ ಪರವಾನಗಿ ಇರುವವರಿಂದ ದುರಸ್ತಿ ಮಾಡಿಸಿ, ಮತ್ತೆ ಪರಿಶೀಲನೆಯ ಮುದ್ರೆ ಹಾಕಿಸದೆ ಅದರಲ್ಲಿ ವ್ಯಾಪಾರ ಮಾಡಬೇಡಿ.

ಪ್ರಶ್ನೆ: ಲೆಕ್ಕ ಮಾಡದೆ ತೋಳಿನ ದೋಷ ತಪ್ಪಿಸುವ ದಾರಿ ಇದೆಯೇ?

ಉತ್ತರ: ಇದೆ, ನನಗೆ ಅದೇ ಇಷ್ಟ. ಫ್ರಾನ್ಸಿನ ಬೋರ್ಡಾ ಅವರ ಹೆಸರಿನ ವಿಧಾನದಲ್ಲಿ ವಸ್ತುವನ್ನು ಒಂದು ತಟ್ಟೆಯಲ್ಲಿಟ್ಟು ಇನ್ನೊಂದರಲ್ಲಿ ಮರಳು ಸುರಿದು ಸಮ ಮಾಡುತ್ತಾರೆ, ಬಳಿಕ ಮರಳನ್ನು ಮುಟ್ಟದೆ ವಸ್ತುವನ್ನು ತೆಗೆದು ಅದೇ ತಟ್ಟೆಯಲ್ಲಿ ಬಟ್ಟುಗಳನ್ನು ಇಡುತ್ತಾರೆ. ವಸ್ತುವೂ ಬಟ್ಟೂ ಒಂದೇ ತೋಳಿನಲ್ಲಿ ಕೂತದ್ದರಿಂದ ತೋಳಿನ ಉದ್ದವೂ ತಟ್ಟೆಯ ಭಾರವೂ ಉತ್ತರದೊಳಗೆ ಬರುವುದೇ ಇಲ್ಲ, ಖಾಲಿ ತಕ್ಕಡಿ ವಾಲಿದ್ದರೂ ಚಿಂತೆಯಿಲ್ಲ.

ಪ್ರಶ್ನೆ: ಎರಡು ಬಾರಿ ತೂಗಿದ ಮೇಲೆ ಬೇರೆ ಯಾವ ತಿದ್ದುಪಡಿಯೂ ಬೇಕಿಲ್ಲವಲ್ಲ?

ಉತ್ತರ: ಬೇಕು. ಎರಡು ಬಾರಿ ತೂಗಿದರೆ ಹೋಗುವುದು ತಕ್ಕಡಿಯ ದೋಷ. ಬಟ್ಟು ಸವೆದಿದ್ದರೆ ಅದರ ತಪ್ಪು ಎರಡೂ ಬಾರಿ ಒಂದೇ ಕಡೆಗೆ ಬರುತ್ತದೆ, ಯಾವ ವರ್ಗಮೂಲವೂ ಅದನ್ನು ತೆಗೆಯದು. ಗಾಳಿಯ ತೇಲಿಸುವ ಬಲವೂ ಹಾಗೆಯೇ ಉಳಿಯುತ್ತದೆ. ಹಿತ್ತಾಳೆಯ ಬಟ್ಟುಗಳಿಂದ 100 ಗ್ರಾಂ ನೀರು ತೂಗಿದರೆ, ನೀರು ಹೆಚ್ಚು ಜಾಗ ಹಿಡಿಯುವುದರಿಂದ ಗಾಳಿ ಅದನ್ನು ಹೆಚ್ಚು ಎತ್ತುತ್ತದೆ, ಸುಮಾರು 0.1 ಗ್ರಾಂ ಕಡಿಮೆ ಬರುತ್ತದೆ. ತೋಳಿನ ಮಿಲಿಗ್ರಾಂಗಳಿಗಾಗಿ ಹೋರಾಡುವವರು ಮೊದಲು ಈ ನೂರು ಮಿಲಿಗ್ರಾಂಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿ.