ಹೋಂಸ್ಟೇ ವೆಬ್‌ಸೈಟಿನ ಹಳೆಯ ಬರಹ ವಾಪಸ್ ಪಡೆಯುವುದು ಹೇಗೆ?

ಪ್ರಶ್ನೆ: ಸಕಲೇಶಪುರದಲ್ಲಿ ನಮ್ಮ ಹೋಂಸ್ಟೇ ಇದೆ. ವೆಬ್‌ಸೈಟ್ ಹೊಸದು ಮಾಡಿಸಿದಾಗ ಹಳೆಯ ನಿಯಮಗಳ ಪುಟ ಹೋಯಿತು. 2023ರ ಜೂನ್‌ನಲ್ಲಿ ಅದರಲ್ಲಿ ಏನಿತ್ತು ಅಂತ ನೋಡಬಹುದಾ?

ಉತ್ತರ: ನೋಡಬಹುದು, ಆಗ ಆ ಪುಟದ ನಕಲನ್ನು ವೇಬ್ಯಾಕ್ ಮಷಿನ್ ಅನ್ನುವ, ಹಳೆಯ ವೆಬ್ ಪುಟಗಳ ಸಂಗ್ರಹ ತಾಣ ತೆಗೆದಿಟ್ಟಿದ್ದರೆ. ಬ್ರೌಸರ್‌ನಲ್ಲಿ ಹೀಗೆ ಹಾಕಿ, ಕೊನೆಯಲ್ಲಿ ನಿಮ್ಮ ಪುಟದ ಹಳೆಯ ವಿಳಾಸ ಇರಲಿ:

```
https://web.archive.org/web/20230615/https://example.com/rules
```

ಇಲ್ಲೇ ಜಾಸ್ತಿ ಜನ ಎಡವುವುದು. ಜೂನ್ 15ರ ನಕಲು ಇಲ್ಲದಿದ್ದರೆ ಅದು ಇಲ್ಲ ಅನ್ನುವುದಿಲ್ಲ, ಹತ್ತಿರದ ದಿನದ್ದನ್ನು ಸುಮ್ನೆ ತೆರೆದುಬಿಡುತ್ತದೆ. ಆ ನಕಲು 2022ರದ್ದೂ ಆಗಿರಬಹುದು. ಹಾಗಾಗಿ ಪುಟ ತೆರೆದ ಮೇಲೆ ವಿಳಾಸ ಮತ್ತೆ ನೋಡಿ. ಅಲ್ಲಿ 14 ಅಂಕಿಗಳು ಬಂದಿರುತ್ತವೆ: ವರ್ಷ, ತಿಂಗಳು, ದಿನ, ಗಂಟೆ, ನಿಮಿಷ, ಸೆಕೆಂಡು. ನಕಲು ತೆಗೆದ ನಿಜವಾದ ಹೊತ್ತು ಅದೇ. ಅದು ಗ್ರೀನಿಚ್ ಸಮಯ, ನಮ್ಮದಕ್ಕಿಂತ ಐದೂವರೆ ಗಂಟೆ ಹಿಂದೆ. 20230615200000 ಅಂತಿದ್ದರೆ ನಮ್ಮಲ್ಲಿ ಆಗಲೇ ಜೂನ್ 16, ರಾತ್ರಿ ಒಂದೂವರೆ. ಮುಂಗಡ ವಾಪಸ್ ಕೊಡುವ ನಿಯಮ ಯಾವತ್ತು ಬದಲಾಯಿತು ಅನ್ನುವ ತಕರಾರಿದ್ದರೆ ಈ ಲೆಕ್ಕ ಮುಖ್ಯ, ಅಲ್ವಾ?

ಪುಟದಲ್ಲಿರುವ ಚಿತ್ರಗಳ ನಕಲು ಬೇರೆ ದಿನದ್ದಿರಬಹುದು. ದರಪಟ್ಟಿ ಚಿತ್ರವಾಗಿದ್ದರೆ ಅದನ್ನು ಬೇರೆಯಾಗಿ ತೆರೆದು ಅದರ ಅಂಕಿಗಳನ್ನೂ ನೋಡಿ.

ಬರಹವನ್ನು ಮೂಲದಲ್ಲಿದ್ದಂತೆಯೇ ತೆಗೆಯಲು ವಿಳಾಸದಲ್ಲಿ ಆ 14 ಅಂಕಿಗಳು ಮುಗಿದ ಕೂಡಲೇ, ಜಾಗ ಬಿಡದೆ `id_` ಸೇರಿಸಿ. ಸಂಗ್ರಹದವರು ಸೇರಿಸಿದ ಮೇಲಿನ ಪಟ್ಟಿ, ಬದಲಿಸಿದ ಲಿಂಕ್‌ಗಳು ಆಗ ಇರುವುದಿಲ್ಲ.