ನಿವೃತ್ತಿಯ ಇಡುಗಂಟು: ಇಂದಿನ ರೂಪಾಯಿಯಲ್ಲಿ, ತೋಟದ ಚೇಣಿಯನ್ನು ಕಳೆದು

"ನನಗೆ 34. ಶಿವಮೊಗ್ಗದಲ್ಲಿ ಕೆಲಸ, ತೀರ್ಥಹಳ್ಳಿ ಹತ್ತಿರ ಒಂದು ಎಕರೆ ಅಡಿಕೆ ತೋಟ. ಮನೆ ಖರ್ಚು ತಿಂಗಳಿಗೆ 40,000. ಪಿಎಫ್‌ನಲ್ಲಿ 12 ಲಕ್ಷ ಇದೆ. 58ಕ್ಕೆ ಕೆಲಸ ಬಿಟ್ಟು ಊರಿಗೆ ಬರಲು ಎಷ್ಟು ಇಡುಗಂಟು ಬೇಕು?"

ನಮ್ಮ ಗುಂಪಿನಲ್ಲಿ ಒಬ್ಬರು ಕೇಳಿದ ಈ ಪ್ರಶ್ನೆಗೆ ಈಗಾಗಲೇ ಕೆಲವರು ಉತ್ತರಿಸಿದ್ದಾರೆ. ಮೊದಲು ಅವುಗಳಲ್ಲೊಂದನ್ನು ಎತ್ತಿಕೊಳ್ಳುತ್ತೇನೆ. ಎಫ್‌ಡಿಗೆ ಶೇ. 7 ಬಡ್ಡಿ ಬರುವಾಗ ವರ್ಷಕ್ಕೆ ಶೇ. 7 ತೆಗೆದರೂ ಅಸಲು ಕರಗುವುದಿಲ್ಲ ಎಂದು ಸಾಗರದ ಗೆಳೆಯರು ಬರೆದಿದ್ದಾರೆ. ಅಂಕಿಯಲ್ಲಿ ಅಸಲು ಹಾಗೆಯೇ ಉಳಿಯುತ್ತದೆ ಎಂಬ ಮಟ್ಟಿಗೆ ಅವರ ಮಾತು ಸರಿ. ಆದರೆ ಬೆಲೆಗಳು ವರ್ಷಕ್ಕೆ ಶೇ. 6ರಂತೆ ಏರಿದರೆ 12 ವರ್ಷಗಳಲ್ಲಿ ಖರ್ಚು ಎರಡು ಪಟ್ಟಾಗುತ್ತದೆ, ಬಡ್ಡಿ ಮಾತ್ರ ಇದ್ದಲ್ಲೇ ಇರುತ್ತದೆ. ಒಂದು ಕೋಟಿಯಿಂದ ಮೊದಲ ವರ್ಷ 7 ಲಕ್ಷ ತೆಗೆದು, ಮುಂದಿನ ವರ್ಷಗಳಲ್ಲಿ ಬೆಲೆಯೇರಿಕೆಯಷ್ಟು ಹೆಚ್ಚಿಸುತ್ತ ಹೋದರೆ ಆ ಗಂಟು ಸುಮಾರು 15 ವರ್ಷಕ್ಕೆ ಬರಿದಾಗುತ್ತದೆ. ಅಂದರೆ ನಿಮಗೆ 73 ಆಗುವ ಹೊತ್ತಿಗೆ. ಅದೇ ಎಫ್‌ಡಿಯಿಂದ 4 ಲಕ್ಷದಿಂದ ಆರಂಭಿಸಿದರೆ ಸುಮಾರು 28 ವರ್ಷ, 3 ಲಕ್ಷದಿಂದ ಆರಂಭಿಸಿದರೆ ಸುಮಾರು 40 ವರ್ಷ ಬರುತ್ತದೆ. ಬಡ್ಡಿಯ ಮೇಲಿನ ತೆರಿಗೆಯನ್ನು ಇಲ್ಲಿ ಕಳೆದಿಲ್ಲ. ಕಳೆದರೆ ಈ ಅವಧಿಗಳು ಇನ್ನೂ ಕಿರಿದಾಗುತ್ತವೆ.

ಹೊಸನಗರದ ಭಟ್ಟರು ತಮ್ಮ ಉತ್ತರದಲ್ಲಿ ಪ್ರಸ್ತಾಪಿಸಿದ ಶೇ. 4ರ ನಿಯಮ, ಅಂದರೆ ಮೊದಲ ವರ್ಷ ಗಂಟಿನ ಶೇ. 4ನ್ನು ತೆಗೆದು ಮುಂದೆ ಬೆಲೆಯೇರಿಕೆಯಷ್ಟು ಹೆಚ್ಚಿಸುತ್ತ ಹೋಗುವುದು, ವಿಲಿಯಂ ಬೆಂಗೆನ್ ಎಂಬವರು 1994ರಲ್ಲಿ ಅಮೆರಿಕದ ಷೇರು ಮತ್ತು ಸಾಲಪತ್ರಗಳ ಇತಿಹಾಸದಿಂದ ಕಂಡುಕೊಂಡದ್ದು. ಅವರು 30 ವರ್ಷಗಳ ನಿವೃತ್ತಿಗೆಂದು ಲೆಕ್ಕ ಹಾಕಿದ್ದರು, ಮತ್ತು ಹಣದ ಅರ್ಧವಾದರೂ ಷೇರುಗಳಲ್ಲಿ ಇರಬೇಕೆಂದಿದ್ದರು. ನೀವು 58ಕ್ಕೇ ನಿಲ್ಲಿಸುವವರು. ನಿಮ್ಮ ಪತ್ನಿ ನಿಮಗಿಂತ ಕಿರಿಯರಾಗಿದ್ದರೆ ಆ ಗಂಟು 35–40 ವರ್ಷ ಇಬ್ಬರನ್ನೂ ಸಾಕಬೇಕಾಗುತ್ತದೆ. ಜೊತೆಗೆ ಭಟ್ಟರೇ ಹೇಳಿದಂತೆ, ನಿವೃತ್ತಿಯ ಮೊದಲ ನಾಲ್ಕೈದು ವರ್ಷಗಳಲ್ಲೇ ಮಾರುಕಟ್ಟೆ ಕುಸಿದರೆ, ಇಳಿದ ಬೆಲೆಗೆ ಮಾರಿ ತಿಂದ ಹಣ ಮುಂದೆ ಮಾರುಕಟ್ಟೆ ಚೇತರಿಸಿಕೊಂಡಾಗ ಬೆಳೆಯಲು ಇರುವುದೇ ಇಲ್ಲ. ಆದ್ದರಿಂದ ನಾನು ಶೇ. 3ನ್ನೇ ಹಿಡಿಯುತ್ತೇನೆ. ಭಟ್ಟರು ಇದನ್ನು ಅತಿ ಎಚ್ಚರಿಕೆ ಎನ್ನಬಹುದು, ಅವರು ಶೇ. 3.5ರ ಪಕ್ಷದವರು.

ಈಗ ನಿಮ್ಮ ಲೆಕ್ಕ. ಎಲ್ಲವನ್ನೂ ಇಂದಿನ ರೂಪಾಯಿಯಲ್ಲೇ ಮಾಡಿ. ವರ್ಷದ ಖರ್ಚು 4.8 ಲಕ್ಷ. ಈ 40,000 ತಿಂಗಳ ಖರ್ಚು ಮಾತ್ರವೇ, ಅಥವಾ ಹಂಚಿನ ದುರಸ್ತಿ, ವಾಹನ, ಆರೋಗ್ಯ ವಿಮೆಯ ಕಂತು ಎಲ್ಲವೂ ಸೇರಿದ್ದೇ ಎಂಬುದನ್ನು ಎರಡು ವರ್ಷದ ಬ್ಯಾಂಕ್ ಪಾಸ್‌ಬುಕ್ ಇಟ್ಟುಕೊಂಡು ನೋಡಿ. ಸೇರಿರದಿದ್ದರೆ ಮುಂದಿನ ಅಂಕಿಗಳೆಲ್ಲ ಕಡಿಮೆಯಾಗಿ ಬಂದಿರುತ್ತವೆ.

ತೋಟದ ಆದಾಯವನ್ನು ಇದರಿಂದ ಕಳೆಯಬೇಕು, ಆದರೆ ಒಳ್ಳೆಯ ವರ್ಷದ ಲಾಭವನ್ನು ಹಿಡಿದು ಕಳೆಯಬಾರದು. ಎಪ್ಪತ್ತು ದಾಟಿದ ಮೇಲೆ ಮರ ಹತ್ತಿ ಕೊನೆ ಕೊಯ್ಯುವ ಕೊನೆಗೌಡರನ್ನು ಹುಡುಕಿ, ಸುಲಿಸಿ, ಬೇಯಿಸಿ, ಒಣಗಿಸಿ ಮಾರುವುದು ನಿಮ್ಮಿಂದಾಗದು. ತೋಟವನ್ನು ಚೇಣಿಗೆ ಕೊಡುತ್ತೀರಿ, ಅಂದರೆ ಫಸಲನ್ನು ಹಣಕ್ಕೆ ಗುತ್ತಿಗೆ ವಹಿಸುತ್ತೀರಿ. ಹಾಗಾಗಿ ಚೇಣಿ ಹಣದಿಂದ ಗೊಬ್ಬರ, ಬೇಸಾಯ, ಬೋರ್ಡೋ ಸಿಂಪಡಣೆಯ ಖರ್ಚು ಹೋಗಿ ಉಳಿಯುವುದನ್ನಷ್ಟೇ ಲೆಕ್ಕಕ್ಕೆ ತೆಗೆದುಕೊಳ್ಳಿ, ಅದೂ ಕೊಳೆರೋಗ ಹೆಚ್ಚಾದ ವರ್ಷದ್ದನ್ನು. ಅದು 1.2 ಲಕ್ಷ ಎಂದುಕೊಳ್ಳೋಣ. ಆಗ ಇಡುಗಂಟಿನಿಂದ ಬರಬೇಕಾದದ್ದು ವರ್ಷಕ್ಕೆ 3.6 ಲಕ್ಷ. ಅದನ್ನು ಶೇ. 3ರಿಂದ ಭಾಗಿಸಿದರೆ 1.2 ಕೋಟಿ.

ಇಲ್ಲೇ ಬಹಳ ಜನ ಎಡವುತ್ತಾರೆ. ಈ 1.2 ಕೋಟಿ ಇಂದಿನ ರೂಪಾಯಿ. ಶೇ. 6ರ ಏರಿಕೆಯಲ್ಲಿ 24 ವರ್ಷಕ್ಕೆ ಬೆಲೆಗಳು ನಾಲ್ಕು ಪಟ್ಟಾಗುವುದರಿಂದ, ನಿಮ್ಮ 58ನೆಯ ವಯಸ್ಸಿನಲ್ಲಿ ಅದು ಸುಮಾರು 4.86 ಕೋಟಿ. ಎಸ್‌ಐಪಿ ಜಾಹೀರಾತು ತೋರಿಸುವ "24 ವರ್ಷದ ನಂತರ 1.2 ಕೋಟಿ"ಯನ್ನು ನೋಡಿ ಗುರಿ ಮುಟ್ಟಿತು ಎಂದುಕೊಂಡರೆ ಕೈಯಲ್ಲಿರುವುದು ಬೇಕಾದದ್ದರ ಕಾಲು ಭಾಗ.

ಒಟ್ಟು ಉಳಿತಾಯಕ್ಕೆ ಸರಾಸರಿ ಬೆಲೆಯೇರಿಕೆಯ ಮೇಲೆ ಶೇ. 4ರಷ್ಟು ಬೆಳವಣಿಗೆ ಸಿಕ್ಕರೆ, ಪಿಎಫ್‌ನ 12 ಲಕ್ಷ ಇಂದಿನ ರೂಪಾಯಿಯಲ್ಲಿ ಸುಮಾರು 31 ಲಕ್ಷವಾಗುತ್ತದೆ. ಉಳಿದ 89 ಲಕ್ಷಕ್ಕೆ ತಿಂಗಳಿಗೆ ಸುಮಾರು 19,000 ಉಳಿಸಬೇಕು. ಪ್ರತಿ ತಿಂಗಳು ಪಿಎಫ್‌ಗೆ ಹೋಗುವುದೂ ಇದರಲ್ಲೇ ಸೇರುತ್ತದೆ. ಆದರೆ ಈ ಮೊತ್ತವನ್ನು ವರ್ಷವರ್ಷವೂ ಶೇ. 6ರಂತೆ ಏರಿಸಲೇಬೇಕು. ಎಲ್ಲವನ್ನೂ ಪಿಎಫ್ ಮತ್ತು ಎಫ್‌ಡಿಯಲ್ಲೇ ಇಟ್ಟರೆ ಶೇ. 4 ಸಿಗುವುದಿಲ್ಲ, ಒಂದಷ್ಟು ಷೇರು ನಿಧಿ ಅನಿವಾರ್ಯ.

ಕೊಪ್ಪದ ಅಕ್ಕನವರು ಕೇಳಿದ ಅಟಲ್ ಪಿಂಚಣಿ ಬೇರೆ ವಿಷಯ: ಅದರ ಗರಿಷ್ಠ ಖಾತರಿ ತಿಂಗಳಿಗೆ 5,000, ಅದೂ 60 ಆದ ಮೇಲೆ, ಬೆಲೆಯೊಂದಿಗೆ ಏರದ್ದು. 2060ರ ಮನೆಖರ್ಚಿಗೆ ಅದು ತೀರ ಸಣ್ಣ ಮೊತ್ತ.

ನನಗೆ ಇನ್ನೂ ತೀರ್ಮಾನವಾಗದಿರುವುದು ಒಂದೇ: ಚೇಣಿ ಹಣ ಬೆಲೆಯೇರಿಕೆಯ ಜೊತೆ ಏರುತ್ತದೆಯೇ? ಮೇಲಿನ ಲೆಕ್ಕ ಏರುತ್ತದೆ ಎಂದೇ ಹಿಡಿದಿದೆ. 2000ದ ನಂತರದ ಅಡಿಕೆ ಬೆಲೆ ಕುಸಿತವನ್ನು ಕಂಡವನಾಗಿ ನನಗೆ ಆ ಧೈರ್ಯವಿಲ್ಲ. ಎಲೆಚುಕ್ಕಿ ರೋಗ ಹತ್ತಿದ ತೋಟವಾದರೆ ಆ 1.2 ಲಕ್ಷವನ್ನು ಬಿಟ್ಟೇ ಲೆಕ್ಕ ಹಾಕಿ. ಆಗ ಗುರಿ ಇಂದಿನ ರೂಪಾಯಿಯಲ್ಲಿ 1.6 ಕೋಟಿ.