ನ್ಯಾಚುರಲ್ ಕ್ರೀಮ್‌ಗೆ ಬದಲಾದರೂ ತುರಿಕೆ ಹೋಗದಿದ್ದಾಗ ಲೇಬಲ್‌ನಲ್ಲಿ ಏನು ನೋಡಬೇಕು?

"ಕೆಲವು ತಿಂಗಳಿಂದ ಕಂಕುಳು, ಕುತ್ತಿಗೆಯಲ್ಲಿ ಕೆಂಪಾಗಿ ತುರಿಕೆ. ಸೆಂಟ್ ಅಲರ್ಜಿ ಅಂತ ಅನುಮಾನ. ಡಿಯೋಡರೆಂಟ್ ಬದಲಿಸಿ ನ್ಯಾಚುರಲ್ ಪ್ರಾಡಕ್ಟ್ ತಗೊಂಡೆ, ಆದರೂ ಹೋಗ್ತಿಲ್ಲ. ಲೇಬಲ್‌ನಲ್ಲಿ ಏನು ಹುಡುಕಬೇಕು?"

ನಾನು ಚರ್ಮರೋಗ ವಿಭಾಗದಲ್ಲಿ ಪ್ಯಾಚ್ ಟೆಸ್ಟ್, ಅಂದರೆ ಅನುಮಾನದ ವಸ್ತುಗಳನ್ನು ಬೆನ್ನಿಗೆ ಅಂಟಿಸಿ ಅಲರ್ಜಿ ನೋಡುವ ಪರೀಕ್ಷೆ, ಹಾಕುವ ಟೆಕ್ನಿಷಿಯನ್, ಡಾಕ್ಟರ್ ಅಲ್ಲ. ಚೀಲದ ತುಂಬ ಬಾಟಲಿ, ಟ್ಯೂಬ್ ಹೊತ್ತು ತರುವವರ ಜೊತೆ ಕೂತು ಲೇಬಲ್ ಓದುವುದು ನನ್ನ ಕೆಲಸದ ದೊಡ್ಡ ಪಾಲು.

ಲೇಬಲ್‌ಗೆ ಮುಂಚೆ ಕನ್ನಡಿ ಮುಂದೆ ನಿಂತು ಕೈ ಎತ್ತಿ ನೋಡಿ. ಕೆಂಪು ಕಂಕುಳಿನ ಗುಳಿಯ ಒಳಗೇ ಇದೆಯಾ, ಇಲ್ಲ ಗುಳಿ ಚೆನ್ನಾಗಿದ್ದು ಸುತ್ತಲಿನ ಅಂಚಿನಲ್ಲಿ ಮಾತ್ರ ಇದೆಯಾ? ಗುಳಿಯಲ್ಲಿದ್ದರೆ ಅಲ್ಲಿಗೆ ಹಚ್ಚುವ ವಸ್ತುವಿನ ಮೇಲೆ ಅನುಮಾನ ಜಾಸ್ತಿ. ಅಂಚಿನಲ್ಲಿ ಮಾತ್ರ ಇದ್ದರೆ ಬಟ್ಟೆಯ ಬಣ್ಣವೂ ಕಾರಣ ಇರಬಹುದು. ಆಗ ಎಷ್ಟು ಡಿಯೋಡರೆಂಟ್ ಬದಲಿಸಿದರೂ ಸುಮ್ನೆ ದುಡ್ಡು ಹೋಗುತ್ತದೆ. ಕುತ್ತಿಗೆಯ ಮುಂಭಾಗದಲ್ಲಿ, ಸ್ಪ್ರೇ ಬೀಳುವ ಜಾಗದಲ್ಲೇ ಕೆಂಪಾಗಿದ್ದರೆ ಮೊದಲು ಪರ್ಫ್ಯೂಮ್ ಕಡೆ ನೋಡಬೇಕು.

ಈ ಅಲರ್ಜಿಯಲ್ಲಿ ಜನರ ದಾರಿ ತಪ್ಪಿಸುವುದು ಸಮಯ. ಹಚ್ಚಿದ ಕೂಡಲೇ ಏನೂ ಆಗುವುದಿಲ್ಲ. ಸಾಮಾನ್ಯವಾಗಿ ಒಂದೆರಡು ದಿನ ಬಿಟ್ಟು ತುರಿಕೆ ಶುರುವಾಗುತ್ತದೆ. ಸೋಮವಾರ ಮದುವೆಗೆ ಹಾಕಿದ ಸೆಂಟ್‌ನ ಫಲ ಬುಧವಾರ ಕಾಣುತ್ತದೆ. ನೀವು ಬುಧವಾರ ಬೆಳಿಗ್ಗೆ ಹಾಕಿದ ಸೋಪನ್ನು ಬೈಯುತ್ತೀರಿ. ಸೋಪು ತೊಳೆದು ಹೋಗುತ್ತದೆ. ಚರ್ಮದ ಮೇಲೆ ಗಂಟೆಗಟ್ಟಲೆ ಉಳಿಯುವ ಲೋಷನ್, ಡಿಯೋ, ತಲೆಗೆಣ್ಣೆ, ಲಿಪ್ ಬಾಮ್, ಇವನ್ನು ಮೊದಲು ನೋಡಿ.

ಈಗ ಲೇಬಲ್. ನಮ್ಮಲ್ಲಿ ಮಾರುವ ಎಷ್ಟೋ ವಸ್ತುಗಳ ಮೇಲೆ ಪಟ್ಟಿಯ ಕೊನೆಯಲ್ಲಿ 'ಪರ್ಫ್ಯೂಮ್' ಅಥವಾ 'ಫ್ರಾಗ್ರೆನ್ಸ್' ಅಂತ ಒಂದೇ ಪದ ಇರುತ್ತದೆ. ಆ ಪದದ ಹಿಂದೆ ಹತ್ತಾರು ರಾಸಾಯನಿಕ ಇರಬಹುದು. ಯುರೋಪಿನಲ್ಲಿ 2005ರಿಂದ 26 ಪರಿಮಳ ವಸ್ತುಗಳ ಹೆಸರನ್ನು ಬಿಡಿಬಿಡಿಯಾಗಿ ಬರೆಯಲೇಬೇಕು. 2023ರ ನಿಯಮದಲ್ಲಿ ಆ ಪಟ್ಟಿ 80 ದಾಟಿತು, ಹೊಸ ಹೆಸರುಗಳು ಕಡ್ಡಾಯವಾಗಲು 2026 ಮತ್ತು 2028ರ ಗಡುವು ಇದೆ. ಅಲ್ಲಿಗೂ ಮಾರುವ ಕಂಪನಿಗಳ ಡಬ್ಬಗಳಲ್ಲಿ ಆ ಹೆಸರುಗಳು ನಮಗೂ ಸಿಗುತ್ತವೆ. ಜಾಸ್ತಿ ಕಣ್ಣಿಗೆ ಬೀಳುವವು ಲಿನಲೂಲ್, ಲಿಮೊನೀನ್, ಜೆರಾನಿಯಾಲ್, ಸಿಟ್ರೊನೆಲ್ಲಾಲ್, ಸಿಟ್ರಾಲ್, ಯೂಜಿನಾಲ್, ಕೂಮರಿನ್. ದಾಲ್ಚಿನ್ನಿ ಪರಿಮಳದ ಸಿನಮಾಲ್ ಕೂಡ ಆ ಪಟ್ಟಿಯಲ್ಲಿದೆ.

ಒಂದು ಡಬ್ಬದಲ್ಲಿ ಈ ಹೆಸರು ಯಾವುದೂ ಇಲ್ಲ, 'ಪರ್ಫ್ಯೂಮ್' ಮಾತ್ರ ಇದೆ ಅಂದರೆ ಅದು ಸುರಕ್ಷಿತ ಅಂತಲ್ಲ. ಒಳಗೆ ಏನಿದೆ ಅಂತ ನಮಗೆ ಹೇಳಿಲ್ಲ, ಅಷ್ಟೇ. ಅನುಮಾನ ಇರುವಷ್ಟು ದಿನ ಅದನ್ನೂ ಬಿಡಿ. ಪಟ್ಟಿಯ ತುದಿಯಲ್ಲಿದೆ, ಚೂರೇ ಇರುತ್ತೆ ಅಲ್ವಾ ಅಂತ ಬಹಳ ಜನ ಕೇಳುತ್ತಾರೆ. ಹಚ್ಚಿ ಬಿಡುವ ಕ್ರೀಮ್‌ನಲ್ಲಿ ಇವುಗಳ ಹೆಸರು ಬರೆಯಲು ಯುರೋಪ್ ಇಟ್ಟ ಮಿತಿ 0.001%. ಅಂದರೆ 100 ಗ್ರಾಂ ಕ್ರೀಮ್‌ನಲ್ಲಿ 1 ಮಿಲಿಗ್ರಾಂ. ಅಷ್ಟು ಚೂರನ್ನೂ ಅವರು ಲೆಕ್ಕಕ್ಕೆ ಹಿಡಿಯುತ್ತಾರೆ.

ನಿಮ್ಮ ನ್ಯಾಚುರಲ್ ಪ್ರಾಡಕ್ಟ್ ಮೇಲೆ ನನಗೆ ಅನುಮಾನ ಜಾಸ್ತಿ. ಒಬ್ಬ ಶಿಕ್ಷಕಿಯ ವಿಷಯ ಹೇಳುತ್ತೇನೆ. ಅವರಿಗೆ ಕಣ್ಣಿನ ರೆಪ್ಪೆ ಊದಿ ಸಿಪ್ಪೆ ಏಳುತ್ತಿತ್ತು, ಕುತ್ತಿಗೆಯ ಎರಡೂ ಬದಿ ಕೆಂಪಾಗಿತ್ತು. ಸೆಂಟ್ ಬಿಟ್ಟು ಬಹಳ ಕಾಲ ಆಗಿತ್ತು. ಪ್ಯಾಚ್ ಟೆಸ್ಟ್‌ನಲ್ಲಿ ಪರಿಮಳ ವಸ್ತುಗಳ ಮಿಶ್ರಣವಾದ 'ಫ್ರಾಗ್ರೆನ್ಸ್ ಮಿಕ್ಸ್' ಹಾಕಿದ ಜಾಗ ಅಂಟುಪಟ್ಟಿ ತೆಗೆದಾಗ ತೆಳುವಾಗಿ ಕೆಂಪಗಿತ್ತು. ಮತ್ತೆರಡು ದಿನಕ್ಕೆ ದಪ್ಪಗಾಗಿ ಸಣ್ಣ ನೀರುಗುಳ್ಳೆ ಬಂತು. ಅವರ ಕೈ ಕ್ರೀಮ್ ಮೇಲೆ 'ಕೃತಕ ಸುಗಂಧ ಇಲ್ಲ' ಅಂತ ದೊಡ್ಡದಾಗಿ ಬರೆದಿತ್ತು. ಹಿಂಬದಿಯ ಸಣ್ಣಕ್ಷರದಲ್ಲಿ 'ಪೆಲಾರ್ಗೋನಿಯಂ ಗ್ರೇವಿಯೊಲೆನ್ಸ್ ಆಯಿಲ್', ಅದರ ಪಕ್ಕದಲ್ಲೇ ಜೆರಾನಿಯಾಲ್, ಸಿಟ್ರೊನೆಲ್ಲಾಲ್. ಆ ಉದ್ದನೆಯ ಹೆಸರು ಜೆರೇನಿಯಂ ಎಣ್ಣೆಯದು. ಜೆರಾನಿಯಾಲ್ ಅದರಲ್ಲಿ ಹುಟ್ಟಿನಿಂದಲೇ ಇರುತ್ತದೆ, ಮತ್ತು ಫ್ರಾಗ್ರೆನ್ಸ್ ಮಿಕ್ಸ್‌ನ ಎಂಟು ವಸ್ತುಗಳಲ್ಲಿ ಅದೂ ಒಂದು. ಗಿಡದಿಂದ ಬಂದ ಜೆರಾನಿಯಾಲ್, ಕಾರ್ಖಾನೆಯ ಜೆರಾನಿಯಾಲ್ ಅಂತ ಚರ್ಮ ಭೇದ ಮಾಡುವುದಿಲ್ಲ. ಕೈಯಲ್ಲಿ ಅವರಿಗೆ ಏನೂ ಆಗಿರಲಿಲ್ಲ. ಅಂಗೈ ಚರ್ಮ ದಪ್ಪ, ರೆಪ್ಪೆ ಚರ್ಮ ತೀರಾ ತೆಳು. ಅದೇ ಕೈಯಲ್ಲಿ ಕಣ್ಣು ಉಜ್ಜಿಕೊಂಡರೆ ಅಲ್ಲಿ ಏಳುತ್ತದೆ. ಕುತ್ತಿಗೆಗೆ ಇಳಿಯುತ್ತಿದ್ದದ್ದು ಪರಿಮಳದ ತಲೆಗೆಣ್ಣೆ. ಎರಡನ್ನೂ ನಿಲ್ಲಿಸಿ, ವಾಸನೆ ಬೆರೆಸದ ಕೊಬ್ಬರಿ ಎಣ್ಣೆಗೆ ಬಂದರು. ಕುತ್ತಿಗೆ ಬೇಗ ತಿಳಿಯಾಯಿತು, ರೆಪ್ಪೆಗೆ ಕೆಲವು ವಾರ ಹಿಡಿಯಿತು.

ಹಾಗಾಗಿ 'ಆಯಿಲ್', 'ಎಕ್ಸ್‌ಟ್ರಾಕ್ಟ್' ಅಂತ ಕೊನೆಯಾಗುವ ಲ್ಯಾಟಿನ್ ಹೆಸರುಗಳನ್ನು ತಡೆದು ತಡೆದು ಓದಿ. 'ಸಿಟ್ರಸ್' ಅಂತ ಶುರುವಾಗುವ ಸಿಪ್ಪೆ ಎಣ್ಣೆಯಲ್ಲಿ ಲಿಮೊನೀನ್, 'ಲವಾಂಡುಲ' ಅಂದರೆ ಲ್ಯಾವೆಂಡರ್, ಅದರಲ್ಲಿ ಲಿನಲೂಲ್. 'ಸಿಂಬೊಪೊಗಾನ್' ನಮ್ಮ ಮಜ್ಜಿಗೆ ಹುಲ್ಲಿನ ಜಾತಿ, ಸಿಟ್ರಾಲ್ ಇರಬಹುದು. ಲವಂಗದ ಎಣ್ಣೆಯಲ್ಲಿ ಯೂಜಿನಾಲ್. ಲಿಮೊನೀನ್ ಮತ್ತು ಲಿನಲೂಲ್ ಹೊಸದಾಗಿದ್ದಾಗ ಅಷ್ಟು ತೊಂದರೆ ಕೊಡುವುದಿಲ್ಲ. ಗಾಳಿ ತಗುಲಿ ಆಮ್ಲಜನಕ ಸೇರಿದಾಗ ಹುಟ್ಟುವ ಹೈಡ್ರೊಪೆರಾಕ್ಸೈಡ್‌ಗಳು ಅಲರ್ಜಿ ಎಬ್ಬಿಸುತ್ತವೆ. ಮುಚ್ಚಳ ಸಡಿಲವಾಗಿ ವರ್ಷಗಟ್ಟಲೆ ಬಚ್ಚಲುಮನೆಯಲ್ಲಿ ಕೂತ ಬಾಟಲಿಯನ್ನು ದಯವಿಟ್ಟು ಎಸೆಯಿರಿ.

'ಅನ್‌ಸೆಂಟೆಡ್' ಅಂತ ಬರೆದದ್ದನ್ನು ನಂಬಬೇಡಿ. ಮೂಲ ವಾಸನೆ ಮುಚ್ಚಲು ಪರಿಮಳ ಸೇರಿಸಿಯೂ ಹಾಗೆ ಬರೆಯುತ್ತಾರೆ. 'ಫ್ರಾಗ್ರೆನ್ಸ್ ಫ್ರೀ' ಅನ್ನುವುದು ವಾಸಿ, ಆದರೆ ಹಿಂಬದಿಯ ಪಟ್ಟಿ ಓದಿಯೇ ಕೊಳ್ಳಿ.

ಮನೆಯಲ್ಲಿ ಮಾಡಬಹುದಾದ ಒಂದು ಪರೀಕ್ಷೆ ಇದೆ. ಕೆಂಪು ಪೂರ್ತಿ ಇಳಿದ ಮೇಲೆ, ಹಚ್ಚಿ ಬಿಡುವ ಒಂದೇ ಒಂದು ಕ್ರೀಮ್ ಅಥವಾ ಲೋಷನ್ ತಗೊಳ್ಳಿ. ಮೊಣಕೈ ಒಳಮಡಿಕೆಯ ಹತ್ತಿರ ಒಂದೇ ಜಾಗಕ್ಕೆ ದಿನಕ್ಕೆರಡು ಸಲ ಹಚ್ಚಿ. ಒಂದು ವಾರ ಸಾಲದು, ಎರಡು ವಾರ ನೋಡಿ. ತುರಿಕೆ ಬಂದ ದಿನವೇ ನಿಲ್ಲಿಸಿ. ಸೋಪು, ಶಾಂಪೂ ಹೀಗೆ ಹಚ್ಚಬೇಡಿ. ಅವು ತೊಳೆಯದೆ ಬಿಟ್ಟರೆ ಅಲರ್ಜಿ ಇಲ್ಲದವರಿಗೂ ಉರಿಯುತ್ತವೆ, ಏನೂ ಗೊತ್ತಾಗುವುದಿಲ್ಲ.

ಆಮೇಲೂ ಗೊಂದಲ ಇದ್ದರೆ ಪ್ಯಾಚ್ ಟೆಸ್ಟ್ ಮಾಡಿಸಿ. ಬೆನ್ನಿಗೆ ಅಂಟಿಸಿದ್ದನ್ನು 48 ಗಂಟೆ ನೆನೆಸಬಾರದು, ಅದಾಗಿ ಒಂದೆರಡು ದಿನ ಬಿಟ್ಟು ಇನ್ನೊಮ್ಮೆ ತೋರಿಸಬೇಕು. ಆ ಎರಡನೇ ಭೇಟಿ ತಪ್ಪಿಸಬೇಡಿ, ಆ ಶಿಕ್ಷಕಿಗೆ ಆದಂತೆ ಎಷ್ಟೋ ಫಲ ಆಗಲೇ ಸರಿಯಾಗಿ ಕಾಣುವುದು. ಫ್ರಾಗ್ರೆನ್ಸ್ ಮಿಕ್ಸ್‌ನಲ್ಲಿ ಲಿನಲೂಲ್, ಲಿಮೊನೀನ್ ಇರುವುದಿಲ್ಲ. ಅದು ನೆಗೆಟಿವ್ ಬಂದರೂ ಪರಿಮಳದ ಅಲರ್ಜಿ ಇಲ್ಲ ಅಂತ ಹೇಳಲಾಗದು. ನೀವು ಬಳಸುವ ಡಿಯೋ, ಕ್ರೀಮ್ ಎಲ್ಲ ಡಬ್ಬ ಸಮೇತ ತನ್ನಿ, ಪರೀಕ್ಷಿಸಬಹುದಾದ್ದನ್ನು ಜೊತೆಗೇ ಅಂಟಿಸುತ್ತೇವೆ.

ಅಲ್ಲಿಯವರೆಗೆ ಮೆಡಿಕಲ್ ಶಾಪ್‌ನಲ್ಲಿ ಚೀಟಿ ಇಲ್ಲದೆ ಕೊಡುವ ಸ್ಟೆರಾಯ್ಡ್ ಬೆರೆತ 'ತುರಿಕೆ ಕ್ರೀಮ್' ಹಚ್ಚಬೇಡಿ. ಕಂಕುಳಿನ ಚರ್ಮ ತೆಳುವಾಗಿ ಗೆರೆ ಬೀಳುತ್ತದೆ, ಆ ಗೆರೆ ಹೋಗುವುದಿಲ್ಲ. ಬೆನ್ನಿಗೆ ಹಚ್ಚಿದ್ದರೆ ಟೆಸ್ಟ್‌ನ ಫಲವೂ ಮುಚ್ಚಿಹೋಗಬಹುದು.